ಏಳು ಯೋಗ ತರಗತಿಗಳ ಪಾಸ್: ಈ ಮಳೆಗಾಲದ ಎರಡು ಕರಪತ್ರ, ಒಂದು ಲೆಕ್ಕ

ಹಸಿರು ಕರಪತ್ರ

ಮಳೆ ನಿಲ್ಲಲಿ ಎಂದು ಕಾಯುತ್ತಿದ್ದೀರಾ? ಮಡಿಕೇರಿಯಲ್ಲಿ ಹಾಗೆ ಕಾದರೆ ಪುತ್ತರಿ ಹಬ್ಬವೇ ಬಂದೀತು!

ಏಳು ಯೋಗ ತರಗತಿ, ಪುಕ್ಕಟೆ. 21 ದಿನದೊಳಗೆ ಯಾವ ಏಳು ದಿನ ಬಂದರೂ ಸರಿ. ಮರ ಬಿದ್ದು ರಸ್ತೆ ಮುಚ್ಚಿದ ದಿನ, ಗದ್ದೆಯಲ್ಲಿ ನಾಟಿ ಇರುವ ದಿನ, ಶುಕ್ರವಾರದ ಸಂತೆ, ಇವುಗಳಿಗಾಗಿ ನೀವು ತಪ್ಪಿಸಿಕೊಂಡರೆ ತರಗತಿ ಕಳೆದುಹೋಗುವುದಿಲ್ಲ.

ಬೆಳಿಗ್ಗೆ 6ಕ್ಕೆ, 10ಕ್ಕೆ, ಸಂಜೆ 5.30ಕ್ಕೆ. ಹತ್ತು ಗಂಟೆಯದು ಮಹಿಳೆಯರಿಗೆ ಮಾತ್ರ. ಚಾಪೆ ನಾವೇ ಕೊಡುತ್ತೇವೆ, ಒಣಗಿರುವುದನ್ನೇ. ಕೊಡೆ, ರೇನ್‌ಕೋಟ್ ನೇತುಹಾಕಲು ವರಾಂಡದಲ್ಲಿ ಸಾಲಾಗಿ ಮೊಳೆ ಹೊಡೆದಿದ್ದೇವೆ. ಕರೆಂಟ್ ಹೋದರೆ ಇನ್ವರ್ಟರ್ ಇದೆ. ಅದೂ ಕೈಕೊಟ್ಟರೆ ಶವಾಸನ. ಅದಕ್ಕೆ ಬೆಳಕು ಬೇಕಿಲ್ಲ.

ಏಳು ತರಗತಿಯಲ್ಲಿ ಹೊಟ್ಟೆ ಕರಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಎರಡನೆಯ ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳಬಹುದು. ಬಹಳ ಮಂದಿ ಬಿಡುವುದು ಅಲ್ಲೇ. ಅದನ್ನು ದಾಟಿದರೆ ಸೂರ್ಯನಮಸ್ಕಾರದ ಹನ್ನೆರಡು ಹಂತಗಳು ಒಂದರ ಹಿಂದೆ ಒಂದು ತಾವಾಗಿ ಬರತೊಡಗುತ್ತವೆ. ಮಂಡಿನೋವು, ರಕ್ತದೊತ್ತಡ ಇರುವವರು, ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳಿ ಬನ್ನಿ, ನಮಗೂ ತಿಳಿಸಿ.

ಇಷ್ಟವಾಗಿ ಸೇರಿದರೆ ತಿಂಗಳಿಗೆ ₹1,200. ಸೇರದಿದ್ದರೆ ಫೋನ್ ಮಾಡಿ ಪೀಡಿಸುವುದಿಲ್ಲ.

ಖಾಸಗಿ ಬಸ್ ನಿಲ್ದಾಣದ ಸಮೀಪ, ಔಷಧಿ ಅಂಗಡಿಯ ಮಹಡಿಯ ಮೇಲೆ. ಫಲಕದಲ್ಲಿ ‘ಯೋಗಶಾಲೆ’ ಎಂದಷ್ಟೇ ಇದೆ. ಈ ಚೀಟಿಯೇ ಪಾಸ್. ಜುಲೈ 31ರೊಳಗೆ ತನ್ನಿ.

ಹಳದಿ ಕರಪತ್ರ

ಇದು ಪುಕ್ಕಟೆ ಅಲ್ಲ. ನೂರೈವತ್ತು ರೂಪಾಯಿ.

ಕಳೆದ ವರ್ಷ ಜೂನ್ 21ರ ಯೋಗ ದಿನದಂದು ನಾವು ಹಂಚಿದ ಪುಕ್ಕಟೆ ಪಾಸ್ 64. ಒಮ್ಮೆಯಾದರೂ ಬಂದವರು 41. ಹಣ ಕಟ್ಟಿ ಸೇರಿದವರು 18. ಅವರಲ್ಲಿ 7 ಮಂದಿ ತಿಂಗಳು ತುಂಬುವ ಮೊದಲೇ ಬಿಟ್ಟರು. ಉಳಿದದ್ದು 11. ಆ ಹನ್ನೊಂದರ ಜೊತೆ ಚಾಪೆ ಹಾಸಬೇಕು ಎನಿಸಿದರೆ ಈ ಪಾಸ್ ನಿಮ್ಮದು.

ಏಳು ತರಗತಿ, 21 ದಿನ. ಸೇರಿದರೆ ₹150 ಮೊದಲ ತಿಂಗಳ ಶುಲ್ಕದಲ್ಲಿ ಕಳೆಯುತ್ತದೆ. ಮೂರನೆಯ ತರಗತಿ ಮುಗಿಯುವುದರೊಳಗೆ ‘ಇದು ನನಗಲ್ಲ’ ಎನಿಸಿದರೆ ಕೌಂಟರಿನಲ್ಲಿ ಹಿಂದಕ್ಕೆ ಪಡೆಯಿರಿ. ಸಮಯ, ಸ್ಥಳ, ಕಡೆಯ ದಿನ ಹಿಂಬದಿಯಲ್ಲಿವೆ.

ಸತತ ಐದು ದಿನ ಬಾರದ ಪಾಸಿನವರಿಗೆ, ಒಮ್ಮೆ ಮಾತ್ರ ಕಳುಹಿಸುವ ವಾಟ್ಸಾಪ್ ಸಂದೇಶ

ನಮಸ್ಕಾರ. ಈ ವಾರ ನಿಮ್ಮನ್ನು ಕಾಣಲಿಲ್ಲ. ಮೈಕೈ ನೋವಾಗಿದ್ದರೆ ಹೇಳಿ, ನಾಳೆ ಹಗುರವಾದ ಆಸನಗಳಷ್ಟೇ ಮಾಡಿಸುತ್ತೇವೆ. ಮಳೆಯ ಕಾರಣವಾದರೆ ಸಂಜೆಯ ತರಗತಿಗೆ ಬನ್ನಿ. ನಿಮ್ಮ ಪಾಸಿನಲ್ಲಿ ಇನ್ನೂ ತರಗತಿಗಳು ಬಾಕಿ ಇವೆ.

ಕೌಂಟರಿನ ಪುಸ್ತಕದ ಮೊದಲ ಪುಟಕ್ಕೆ

ಹಸಿರು 500, ಹಳದಿ 500. ಏಜೆಂಟರ ಬಳಿ ಪತ್ರಿಕೆಯ ಕಟ್ಟಿಗೆ ಹಾಕುವಾಗ ಒಂದು ಹಸಿರು, ಒಂದು ಹಳದಿ ಎಂದು ಬೆರೆಸಿಯೇ ಹಾಕಬೇಕು. ಒಂದು ಬಡಾವಣೆಗೆ ಹಸಿರು, ಇನ್ನೊಂದಕ್ಕೆ ಹಳದಿ ಕೊಟ್ಟರೆ ನಾವು ಅಳೆಯುವುದು ಬಡಾವಣೆಯನ್ನೇ ಹೊರತು ಕರಪತ್ರವನ್ನಲ್ಲ.

ಚೀಟಿ ತಂದವರ ಹೆಸರಿನ ಮುಂದೆ ಬಣ್ಣ, ಮೊದಲು ಬಂದ ದಿನ, ಸೇರಿದ ದಿನ, ಕೊನೆಗೆ ಬಂದ ದಿನ. ಸೇರ್ಪಡೆಯ ಪ್ರಮಾಣ ಎಂದರೆ ಒಮ್ಮೆಯಾದರೂ ಬಂದವರಲ್ಲಿ ಸೇರಿದವರು: ಹೋದ ವರ್ಷ 41ಕ್ಕೆ 18, ಶೇ 44. ಸೇರಿದ 30 ದಿನದೊಳಗೆ ಸತತ 14 ದಿನ ಮುಖ ತೋರಿಸದವರು ‘ಬಿಟ್ಟವರು’: 18ಕ್ಕೆ 7, ಶೇ 39. ಸೇರ್ಪಡೆ ನೋಡಿ ಹಿಗ್ಗಿದ್ದೆವು. ಎರಡನೆಯ ಸಂಖ್ಯೆಯನ್ನು ಆಗ ಯಾರೂ ಬರೆದಿಡಲಿಲ್ಲ, ನಾನೂ ಸೇರಿ. ಆಮೇಲೆ ಹಾಜರಿ ಪುಸ್ತಕ ಕೆದಕಿ ತೆಗೆದದ್ದು.

ಹಳದಿಯ ಸೇರ್ಪಡೆ ಶೇಕಡಾವಾರು ಹೆಚ್ಚು ಬರಬಹುದು. ಅದಕ್ಕೆ ಮರುಳಾಗುವುದು ಬೇಡ. ನೂರೈವತ್ತು ಕೊಟ್ಟು ಬರುವವರು ಅರ್ಧ ಮನಸ್ಸು ಮಾಡಿಯೇ ಬಂದಿರುತ್ತಾರೆ, ಬರುವವರ ಸಂಖ್ಯೆಯೂ ಕಡಿಮೆ. ಆದ್ದರಿಂದ ಗೆಲುವನ್ನು ನಿರ್ಧರಿಸುವುದು ಒಂದೇ ಪ್ರಶ್ನೆ: 500 ಚೀಟಿಯಿಂದ, ಸೇರಿ 30 ದಿನವಾದ ಮೇಲೂ ಬರುತ್ತಿರುವವರು ಎಷ್ಟು? ಜುಲೈ 31ರಂದು ಪಾಸ್ ತೆಗೆದವರು ಆಗಸ್ಟ್ ಕೊನೆಗೆ ಸೇರಬಹುದು, ಹಾಗಾಗಿ ಸೆಪ್ಟೆಂಬರ್ 30ಕ್ಕೆ ಮೊದಲು ಯಾವ ಬಣ್ಣ ಗೆದ್ದಿತೆಂದು ಯಾರೂ ನನಗೆ ಹೇಳಬಾರದು. ಕೈಲ್‌ಪೊದ್ ಹಬ್ಬಕ್ಕೆ ಊರಿಗೆ ಹೋದವರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿ.

ಬಿಟ್ಟವರು ಎದುರು ಸಿಕ್ಕರೆ ಕಾರಣ ಕೇಳಿ, ಅವರ ಮಾತಿನಲ್ಲೇ ಬರೆಯಿರಿ. ‘ವೈಯಕ್ತಿಕ ಕಾರಣ’ ಎಂದು ಬರೆದರೆ ನನಗೆ ಉಪಯೋಗವಿಲ್ಲ. ಹೋದ ವರ್ಷ ಬಿಟ್ಟ ಏಳರಲ್ಲಿ ನಾಲ್ವರು ಆರು ಗಂಟೆಯವರು. ಹತ್ತು ಗಂಟೆಯ ತರಗತಿ ಹುಟ್ಟಿದ್ದು ಅವರಲ್ಲೊಬ್ಬರು ಹಾಲಿನ ಅಂಗಡಿಯ ಮುಂದೆ ಹೇಳಿದ ಮಾತಿನಿಂದ: ‘ಆರಕ್ಕೆ ಬಂದರೆ ಮಕ್ಕಳ ಡಬ್ಬಿಗೆ ಅಕ್ಕಿ ರೊಟ್ಟಿ ತಟ್ಟುವವರು ಯಾರು?’