ವಿಷಯ: ನಿಮ್ಮ ಇಳಕಲ್ ಸೀರೆ ಅಂಗಡಿಗೆ ಲೋಗೋ, ಬೋರ್ಡು, ಕವರ್ – ಕೆಲಸ ಮತ್ತು ದರ

ಶಾಂತಕ್ಕನವರಿಗೆ ನಮಸ್ಕಾರ,

ನಾನು ಸವಿತಾ, ಬಾಗಲಕೋಟೆಯಲ್ಲಿ ಫ್ರೀಲಾನ್ಸ್ ಡಿಸೈನರ್. ಹೋದ ವಾರ ನಿಮ್ಮಲ್ಲಿ ಅಮ್ಮನಿಗೆ ಚಿಕ್ಕಿ ಪರಾಸ ದಡಿಯ ಸೀರೆ ತಗೊಂಡೆ. ಸೆರಗು ನೋಡಿದವರೆಲ್ಲ ಎಲ್ಲಿ ತಂದಿರಿ ಅಂತ ಕೇಳಿದರು. ಆದರೆ ಕವರಿನ ಮೇಲೆ ಅಂಗಡಿ ಹೆಸರೇ ಇರಲಿಲ್ಲ. ಬೋರ್ಡಿನಲ್ಲಿ ಹೆಸರು ಒಂದು ಥರ, ವಾಟ್ಸಾಪ್‌ನಲ್ಲಿ ಇನ್ನೊಂದು ಥರ ಇದೆ. ಇಷ್ಟು ಒಳ್ಳೆ ಮಾಲಿಗೆ ಇದು ಅನ್ಯಾಯ ಅಲ್ವಾ?

ಕೆಂಪು ಸೆರಗಿನ ಮೇಲಿನ ಬಿಳಿ ತೋಪ್ ತೆನೆಯನ್ನೇ ಲೋಗೋ ಮಾಡೋಣ ಅಂತ ನನ್ನ ಆಸೆ. ಒಂದೇ ಬಣ್ಣದಲ್ಲಿ ಅಚ್ಚಾದರೂ, ಚಿಕ್ಕ ಟ್ಯಾಗಿನ ಮೇಲೂ ಅದು ಗುರುತು ಸಿಗುತ್ತದೆ.

ಲೋಗೋ, ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಹೆಸರಿನ ಅಕ್ಷರ, ಬೋರ್ಡು, ಕವರ್, ಬೆಲೆ ಟ್ಯಾಗು, ವಿಸಿಟಿಂಗ್ ಕಾರ್ಡು, ವಾಟ್ಸಾಪ್ ಚಿತ್ರ – ಎಲ್ಲದರ ಡಿಸೈನ್‌ಗೆ ₹18,000. ಮುಂಗಡ ₹6,000, ಉಳಿದದ್ದು ಫೈಲ್ ಕೊಟ್ಟಾಗ. ಮೂರು ವಾರ ಬೇಕು. ಎರಡು ಸಲ ತಿದ್ದಿ ಕೊಡುತ್ತೇನೆ, ಅದಕ್ಕೂ ಜಾಸ್ತಿಯಾದರೆ ಸಲಕ್ಕೆ ₹1,000. ಪ್ರಿಂಟಿಂಗ್, ಬೋರ್ಡು ಮಾಡಿಸುವ ಖರ್ಚು ಬೇರೆ. ಫೈಲುಗಳು ಪೂರ್ತಿ ನಿಮ್ಮವೇ.

ಈಗ ಲೋಗೋ ಮತ್ತು ಕವರ್ ಅಷ್ಟೇ ಸಾಕು ಅಂದರೆ ₹9,000.

ಗುರುವಾರ ಮಧ್ಯಾಹ್ನ ಎರಡು ಸ್ಕೆಚ್ ತಗೊಂಡು ಅಂಗಡಿಗೆ ಬರಲೇ?

ಇಂತಿ,
ಸವಿತಾ