ಆಟ ನೋಡಿ ಅಂಕ ಕೊಡುವ ಹಾಳೆ: ಬಳಸುವ ಮಾಸ್ತರರಿಗೆ, ಅಕ್ಕೋರಿಗೆ

ನಮ್ಮ ಅಂಕೋಲಾ ಕಡೆಯ ಐದು ಹೈಸ್ಕೂಲುಗಳ ದೈಹಿಕ ಶಿಕ್ಷಕರು ಕೂಡಿ ಮಾಡಿದ ಹಾಳೆ ಇದು. ಎಂಟು ಮತ್ತು ಒಂಬತ್ತನೇ ತರಗತಿಗೆ. ಹಾಳೆಯ ಜೊತೆ ಈ ಟಿಪ್ಪಣಿಯನ್ನೂ ಓದಿ, ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಥರ ಗೀಟು ಹಾಕುತ್ತೀರಿ. ನಾವೂ ಹಾಗೇ ಹಾಕಿದ್ದೆವು.

ಇಷ್ಟು ವರ್ಷ ನಾನು ಅಂಕ ಕೊಟ್ಟಿದ್ದು ಹೇಗೆ? ಸಾಲಾಗಿ ನಿಲ್ಲಿಸಿ ಹತ್ತು ಪಾಸ್ ಮಾಡಿಸುವುದು, ಆರು ಸರಿ ಹೋದರೆ ಆರು ಅಂಕ. ಆಟ ಶುರುವಾದರೆ ಅದೇ ಹುಡುಗ ಮೂರು ಜನರ ನಡುವೆ ಚೆಂಡು ಹಿಡಿದುಕೊಂಡು ಸಿಕ್ಕಿಬೀಳುತ್ತಿದ್ದ. ಅವನ ಕಾಲಿನಲ್ಲಿ ದೋಷ ಇರಲಿಲ್ಲ. ಯಾರಿಗೆ, ಯಾವಾಗ ಕೊಡಬೇಕು ಅನ್ನುವುದು ಗೊತ್ತಿರಲಿಲ್ಲ. ಅದನ್ನು ಅಳೆಯಲು ನನ್ನ ಹತ್ತಿರ ಏನೂ ಇರಲಿಲ್ಲ.

ಮೂಲ ಐಡಿಯಾ ನಮ್ಮದಲ್ಲ. 1998ರಲ್ಲಿ ಆಸ್ಲಿನ್, ಮಿಚೆಲ್ ಮತ್ತು ಗ್ರಿಫಿನ್ ಎಂಬ ಮೂವರು ಅಮೆರಿಕದಲ್ಲಿ ಇಂಥ ಸಾಧನವನ್ನು ಪ್ರಕಟಿಸಿದರು. ಅದರಲ್ಲಿ ಏಳು ಅಂಶಗಳಿವೆ. ಒಬ್ಬ ಮಾಸ್ತರ್, ಒಂದು ಪಿರಿಯಡ್, ನಲವತ್ತು ಮಕ್ಕಳು: ಏಳನ್ನೂ ನೋಡುತ್ತೇನೆ ಅಂದರೆ ಸುಳ್ಳು. ನಿರ್ಧಾರ, ಕೌಶಲ, ಬೆಂಬಲ ಈ ಮೂರನ್ನೇ ಇಟ್ಟುಕೊಂಡೆವು.

ಆಡಿಸುವುದು ಹೀಗೆ. ಫುಟ್ಬಾಲ್, ನಾಲ್ವರ ಎದುರು ನಾಲ್ವರು, ಗೋಲಿ ಇಲ್ಲ. 30 ಮೀಟರ್ ಉದ್ದ, 20 ಮೀಟರ್ ಅಗಲ. ಐದು ನಿಮಿಷದ ಎರಡು ಆಟ. ಎದೆಗೆ ನಂಬರ್ ಇರಲೇಬೇಕು. ಒಬ್ಬ ವೀಕ್ಷಕ ಒಂದೇ ಮಗುವನ್ನು ನೋಡಬೇಕು, ಚೆಂಡನ್ನಲ್ಲ. ಹೊರಗೆ ಕೂತ ಮಕ್ಕಳನ್ನೇ ವೀಕ್ಷಕರನ್ನಾಗಿ ಮಾಡಬಹುದು. ಸುಮ್ನೆ ಕೂರುವ ಬದಲು ಕೆಲಸವಾಯಿತು, ಆಟವನ್ನೂ ನೋಡಿ ಕಲಿಯುತ್ತಾರೆ.

ನಿರ್ಧಾರ: ಮಗುವಿಗೆ ಚೆಂಡು ಸಿಕ್ಕಾಗ ಏನು ಮಾಡಲು ಹೊರಟಿತು? ಎದುರಾಳಿ ಹತ್ತಿರ ಇಲ್ಲದ ಜೊತೆಗಾರನಿಗೆ ಪಾಸ್, ಎದುರು ಖಾಲಿ ಇದ್ದಾಗ ಗೋಲಿನತ್ತ ಹೊಡೆತ, ಯಾರೂ ಖಾಲಿ ಇಲ್ಲದಾಗ ಚೆಂಡು ಕಾಪಾಡಿಕೊಳ್ಳುವುದು ಸರಿ. ಕಾವಲಿರುವವನಿಗೇ ಪಾಸ್, ಖಾಲಿ ಜೊತೆಗಾರ ಇದ್ದರೂ ಗುಂಪಿಗೆ ನುಗ್ಗುವುದು ತಪ್ಪು.

ಕೌಶಲ: ಹೊರಟಿದ್ದನ್ನು ಮಾಡಿದನೋ? ಪಾಸ್ ಜೊತೆಗಾರನ ಕಾಲಿಗೆ ತಲುಪಿದರೆ ಸರಿ. ಅವನ ಹಿಂದೆ ಹೋದರೆ, ಗೆರೆ ದಾಟಿದರೆ ತಪ್ಪು. ಇಲ್ಲಿ ಎಲ್ಲರೂ ಎಡವುತ್ತಾರೆ. ಪಾಸ್ ಕೆಟ್ಟರೆ ನಿರ್ಧಾರಕ್ಕೂ ತಪ್ಪು ಹಾಕಿಬಿಡುತ್ತಾರೆ. ಬೇಡ. ಖಾಲಿ ಇದ್ದವಳಿಗೆ ಒದ್ದ ಚೆಂಡು ಕೆಸರಲ್ಲಿ ನಿಂತುಹೋಯಿತು ಅನ್ನಿ. ನಿರ್ಧಾರ ಸರಿ, ಕೌಶಲ ತಪ್ಪು. ಎರಡು ಗೀಟು, ಎರಡು ಕಡೆ.

ಬೆಂಬಲ: ನಾವು ಜಾಸ್ತಿ ಜಗಳವಾಡಿದ್ದು ಇದಕ್ಕೆ. ಮೊದಲ ಹಾಳೆಯಲ್ಲಿ "ಜೊತೆಗಾರನಿಗೆ ನೆರವಾಗುವಂತೆ ಚಲಿಸುವುದು" ಅಂತ ಬರೆದಿದ್ದೆವು. ಒಂದೇ ಹುಡುಗಿಯನ್ನು ನಾನೂ ಇನ್ನೊಬ್ಬ ಅಕ್ಕೋರೂ ನೋಡಿದೆವು. 40 ಸಂದರ್ಭಗಳಲ್ಲಿ 26ಕ್ಕೆ ಮಾತ್ರ ಇಬ್ಬರ ಗೀಟು ಒಂದೇ. ಅಂದರೆ ಶೇ. 65. ಕನಿಷ್ಠ 80 ಬರದಿದ್ದರೆ ಆ ಅಂಕಕ್ಕೆ ಬೆಲೆ ಇಲ್ಲ. ಓಡಿದ್ದಕ್ಕೆಲ್ಲ ನಾನು ಸರಿ ಹಾಕಿದ್ದೆ. ಅಕ್ಕೋರು ಕೇಳಿದರು: "ಸರ್, ಎದುರಾಳಿ ಬೆನ್ನಿಗೆ ನಿಂತು ಪಾಸ್ ಕೊಡೋ ಪಾಸ್ ಕೊಡೋ ಅಂತ ಕೂಗಿದ್ರೆ ಅದು ಬೆಂಬಲವಾ?"

ಅಲ್ಲ. ಹಾಗಾಗಿ ಈಗ ಹೀಗೆ ಬರೆದಿದ್ದೇವೆ: ಜೊತೆಗಾರನಿಗೆ ಚೆಂಡು ಸಿಕ್ಕ ಮೇಲೆ ಮನಸ್ಸಲ್ಲೇ ಮೂರು ಎಣಿಸಿ. ಅಷ್ಟರೊಳಗೆ, ಚೆಂಡಿಗೂ ತನಗೂ ನಡುವೆ ಎದುರಾಳಿ ಇಲ್ಲದ ಜಾಗದಲ್ಲಿ ಮಗು ಇದ್ದರೆ ಸರಿ. ಮೊದಲೇ ಅಂಥ ಜಾಗದಲ್ಲಿದ್ದು ಅಲ್ಲೇ ನಿಂತರೂ ಸರಿ. ಗೂಟಕ್ಕೆ ಕಟ್ಟಿದ ಎತ್ತಿನ ಹಾಗೆ ಎದುರಾಳಿಯ ಮರೆಯಲ್ಲೇ ನಿಂತರೆ, ಚೆಂಡಿದ್ದವನ ಮೈಮೇಲೇ ಹೋಗಿ ಬಿದ್ದರೆ ತಪ್ಪು. ಪಾಸ್ ಬಂತೋ ಇಲ್ಲವೋ ಲೆಕ್ಕಕ್ಕಿಲ್ಲ. ಇದಾದ ಮೇಲೆ ಮತ್ತೆ ನೋಡಿದಾಗ 40ರಲ್ಲಿ 34 ಹೊಂದಿದವು, ಶೇ. 85.

ಲೆಕ್ಕ: ಪ್ರತಿ ಅಂಶಕ್ಕೂ ಸರಿ ಗೀಟುಗಳನ್ನು ಒಟ್ಟು ಗೀಟುಗಳಿಂದ ಭಾಗಿಸಿ 100ರಿಂದ ಗುಣಿಸಿ. ಮೂಲ ಸಾಧನದಲ್ಲಿ ಸರಿಯನ್ನು ತಪ್ಪಿನಿಂದ ಭಾಗಿಸುತ್ತಿದ್ದರು. ಮಗು ಒಂದೂ ತಪ್ಪು ಮಾಡದಿದ್ದರೆ ಸೊನ್ನೆಯಿಂದ ಭಾಗಿಸಬೇಕು, ಆಗುತ್ತದಾ? ಅದಕ್ಕೇ ಒಟ್ಟು. ಮೂರರ ಸರಾಸರಿಯೇ ಆಟದ ಮಟ್ಟ.

ಮೊನ್ನೆ ತುಂಬಿದ ಹಾಳೆಯಿಂದ ಇಬ್ಬರು:

| ನಂಬರ್ | ನಿರ್ಧಾರ (ಸರಿ, ತಪ್ಪು) | ಕೌಶಲ (ಸರಿ, ತಪ್ಪು) | ಬೆಂಬಲ (ಸರಿ, ತಪ್ಪು) |
|---|---|---|---|
| 7 | 9, 3 | 6, 6 | 12, 4 |
| 4 | 2, 0 | 2, 0 | 3, 9 |

7ನೇ ನಂಬರಿಗೆ 75, 50, 75. ಸರಾಸರಿ 67. 4ನೇ ನಂಬರಿಗೆ 100, 100, 25. ಸರಾಸರಿ 75. ಅಂದರೆ ಹತ್ತು ನಿಮಿಷ ಬೆವರು ಸುರಿಸಿ ಓಡಿದವಳಿಗಿಂತ, ಎರಡು ಸಲ ಚೆಂಡು ಮುಟ್ಟಿ ಮೂಲೆಯಲ್ಲಿ ನಿಂತವನು ಮುಂದೆ! ಇದನ್ನು ಕಂಡ ದಿನ ಹಾಳೆಯನ್ನು ಹರಿದು ಬಿಸಾಡುವ ಮನಸ್ಸಾಗಿತ್ತು.

ಮದ್ದು ಮೂಲ ಸಾಧನದಲ್ಲೇ ಇತ್ತು, ನಾವು ಬಿಟ್ಟಿದ್ದೆವು. ಅದು ಪಾಲ್ಗೊಳ್ಳುವಿಕೆಯ ಸಂಖ್ಯೆ. ನಿರ್ಧಾರ, ಕೌಶಲಗಳ ಎಲ್ಲ ಗೀಟು, ಬೆಂಬಲದ ಸರಿ ಗೀಟು ಮಾತ್ರ, ಎಲ್ಲ ಕೂಡಿಸಿ. ಸುಮ್ಮನೆ ನಿಂತಿದ್ದನ್ನು ಪಾಲ್ಗೊಂಡಿದ್ದು ಅನ್ನಲಾಗದು, ಅದಕ್ಕೇ ಬೆಂಬಲದ ತಪ್ಪು ಬಿಡುವುದು. 7ಕ್ಕೆ 36, 4ಕ್ಕೆ 7. ದಾಖಲೆಯಲ್ಲಿ ಎರಡನ್ನೂ ಜೊತೆಗೇ ಬರೆಯಿರಿ: "67, ಪಾಲು 36". ಒಂದನ್ನೇ ಬರೆದ ಹಾಳೆಯನ್ನು ನಾವು ವಾಪಸ್ ಕಳಿಸುತ್ತೇವೆ.

4ನೇ ನಂಬರಿನ ಹುಡುಗನಿಗೆ ಅಂಕ ಕಡಿಮೆ ಕೊಟ್ಟು ಬಿಟ್ಟರೆ ಹಾಳೆ ದಂಡ. ಮುಂದಿನ ವಾರ ಅವನನ್ನು ಮೂವರ ಎದುರು ಮೂವರ ಆಟಕ್ಕೆ ಹಾಕಿದೆ. ಪಾಸ್ ಕೊಟ್ಟವರು ನಿಂತಲ್ಲೇ ನಿಲ್ಲಬಾರದು ಅನ್ನುವ ಒಂದೇ ನಿಯಮ. ಬೆಂಬಲದಲ್ಲಿ ಸರಿ ಮೂರು ಇದ್ದದ್ದು ಎಂಟಾಯಿತು. ಕೌಶಲದಲ್ಲಿ ಎರಡು ತಪ್ಪೂ ಬಂದವು. ನನಗೆ ಖುಷಿಯೇ ಆಯಿತು.

ಕಬಡ್ಡಿಗೆ ಇದೇ ಹಾಳೆ, ಅರ್ಥ ಬೇರೆ. ಆರು ಅಥವಾ ಹೆಚ್ಚು ಜನ ಅಂಕಣದಲ್ಲಿದ್ದಾಗ ರೈಡರ್ ಬೋನಸ್ಸಿಗೆ ಕಾಲು ಹಾಕಿದರೆ ನಿರ್ಧಾರ ಸರಿ. ಐವರಿದ್ದಾಗ ಹಾಕಿದರೆ ತಪ್ಪು, ಅಲ್ಲಿ ಬೋನಸ್ಸೇ ಇಲ್ಲ. ಹಿಡಿಯುವವರ ಬೆಂಬಲವನ್ನು ಹೀಗೆ ನೋಡಿ: ಕಾರ್ನರಿನವನು ಕಾಲು ಹಿಡಿದ ಕ್ಷಣ ಪಕ್ಕದವನು ಮಧ್ಯರೇಖೆಯ ದಾರಿ ಕಟ್ಟಿದನೋ? ರೈಡರ್ ಆಗಲೇ ಬಿಡಿಸಿಕೊಂಡು ಗೆರೆಗೆ ಹತ್ತಿರವಾದ ಮೇಲೆ ಓಡಿ ಬಂದು ತಾಗಿದರೆ ತಪ್ಪು. ಅವನೂ ಔಟ್, ಎದುರು ತಂಡಕ್ಕೆ ಇನ್ನೊಂದು ಅಂಕ. ವಾಲಿಬಾಲಿಗೆ ಇನ್ನೂ ಬರೆದಿಲ್ಲ. ಶಿರಸಿ ಕಡೆಯವರು ಬರೆದುಕೊಡುತ್ತೇವೆ ಅಂದಿದ್ದಾರೆ.

ಜೂನ್, ಜುಲೈಯಲ್ಲಿ ಇದನ್ನು ಹಿಡಿದುಕೊಂಡು ಮೈದಾನಕ್ಕೆ ಇಳಿಯಬೇಡಿ. ನಮ್ಮ ಮಳೆಯಲ್ಲಿ ಕೌಶಲ ಅಳೆದರೆ ಕೆಸರನ್ನೇ ಅಳೆದ ಹಾಗೆ. ಪೆನ್ನು ಬೇಡ, ಪೆನ್ಸಿಲ್ ಇರಲಿ. ರಟ್ಟಿಗೆ ಕ್ಲಿಪ್ ಹಾಕಿ, ಕಡಲ ಗಾಳಿಗೆ ಹಾಳೆ ನಿಲ್ಲುವುದಿಲ್ಲ. ಮೊದಲ ಸಲ ಇಬ್ಬರು ವೀಕ್ಷಕರು ಒಂದೇ ಮಗುವನ್ನು ನೋಡಿ ಹೊಂದಾಣಿಕೆಯ ಲೆಕ್ಕ ಹಾಕಿ. 80ಕ್ಕಿಂತ ಕಡಿಮೆ ಬಂದರೆ ಎಲ್ಲಿ ಬೇರೆಯಾಯಿತು ಅಂತ ಹಾಳೆಯ ಹಿಂದೆ ಬರೆದು ಮುಂದಿನ ಸಭೆಗೆ ತನ್ನಿ.