ಮೆಡಿಕಲ್ ಕೌಂಟರಿನಲ್ಲಿ: ಐರನ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ

ಮಂಡ್ಯ, ಸಂಜೆ ಆರೂವರೆ. ಯುವತಿಗೆ 24 ವರ್ಷ. ಕೈಯಲ್ಲಿ ಡಾಕ್ಟರ ಚೀಟಿ, ನಾಲ್ಕಾಗಿ ಮಡಚಿದ ರಕ್ತಪರೀಕ್ಷೆ ರಿಪೋರ್ಟು. ಕೌಂಟರಿನ ಆಚೆ ಬಿಳಿ ಕೋಟಿನ ಫಾರ್ಮಸಿಸ್ಟ್, ಐವತ್ತು ದಾಟಿದ ಹೆಂಗಸು.

ಯುವತಿ: ಮೇಡಂ, ಈ ಎರಡು ಮಾತ್ರೆ ಕೊಡಿ. ಒಂದು ತಿಂಗಳಿಗೆ ಆಗೋಷ್ಟು.

ಫಾರ್ಮಸಿಸ್ಟ್: (ಚೀಟಿ ಬೆಳಕಿಗೆ ಹಿಡಿದು) ಐರನ್ 1-0-0, ಕ್ಯಾಲ್ಸಿಯಂ 0-0-1. ಹೆಂಗೆ ತಗೋಬೇಕು ಅಂತ ಹೇಳಿದ್ರಾಮ್ಮ?

ಯುವತಿ: ದಿನಕ್ಕೊಂದೊಂದು ಅಂದ್ರು. ನಾನು ಬೆಳಗ್ಗೆ ತಿಂಡಿ ಆದ್ಮೇಲೆ ಎರಡನ್ನೂ ಒಟ್ಟಿಗೇ ನುಂಗಿಬಿಡೋಣ ಅನ್ಕೊಂಡಿದ್ದೆ. ರಾತ್ರಿ ಅಂದ್ರೆ ಮರ್ತೇ ಹೋಗುತ್ತೆ.

ಫಾರ್ಮಸಿಸ್ಟ್: ಒಟ್ಟಿಗೆ ಕೊಂಡ್ಕೊಳ್ಳಿ, ಒಟ್ಟಿಗೆ ನುಂಗಬೇಡಿ. ಕ್ಯಾಲ್ಸಿಯಂ ಜೊತೇಲಿದ್ರೆ ಐರನ್ ಕರುಳಿಂದ ರಕ್ತಕ್ಕೆ ಸರಿಯಾಗಿ ಸೇರಲ್ಲ. ಎರಡರ ಮಧ್ಯೆ ಕನಿಷ್ಠ ಎರಡು ಗಂಟೆ ಅಂತರ ಇರ್ಬೇಕು. ಒಂದು ಬೆಳಗ್ಗೆ, ಒಂದು ರಾತ್ರಿ ಅಂತ ಡಾಕ್ಟ್ರು ಬರೆದಿರೋದೇ ಅದಕ್ಕೆ.

ಯುವತಿ: ಗೊತ್ತಿಲ್ದೆ ಒಂದಿನ ಒಟ್ಟಿಗೆ ತಗೊಂಡ್ಬಿಟ್ರೆ?

ಫಾರ್ಮಸಿಸ್ಟ್: ಏನೂ ಆಗಲ್ಲ, ಅವತ್ತಿನ ಐರನ್ ಸ್ವಲ್ಪ ದಂಡ ಅಷ್ಟೆ. ಅಯ್ಯೋ ಅಂತ ಇನ್ನೊಂದು ನುಂಗೋಕೆ ಹೋಗಬೇಡಿ. ದಿನಾ ಹಂಗೇ ಮಾಡಿದ್ರೆ ಮೂರು ತಿಂಗಳಾದ್ರೂ ಹಿಮೋಗ್ಲೋಬಿನ್ ಸರಿಯಾಗಿ ಏರದೇ ಇರಬಹುದು, ಆಮೇಲೆ ಮಾತ್ರೆ ಸರಿಯಿಲ್ಲ ಅಂತ ನಮ್ಮ ಹತ್ರ ಬರ್ತಾರೆ. ನಿಮ್ಮದೆಷ್ಟಿದೆ?

ಯುವತಿ: (ರಿಪೋರ್ಟು ಬಿಚ್ಚಿ) 9.8. ಇಲ್ಲಿ ಫೆರಿಟಿನ್ 8 ಅಂತ ಬಂದಿದೆ.

ಫಾರ್ಮಸಿಸ್ಟ್: ಹೆಂಗಸರಿಗೆ ಹಿಮೋಗ್ಲೋಬಿನ್ 12 ಆದ್ರೂ ಇರ್ಬೇಕು. ಫೆರಿಟಿನ್ ಅಂದ್ರೆ ಮನೆ ಕಣಜ ಇದ್ದಂಗೆ, ಮೈಯಲ್ಲಿ ಕೂಡಿಟ್ಟಿರೋ ಕಬ್ಬಿಣದ ಲೆಕ್ಕ. ನಿಮ್ಮ ಕಣಜ ಖಾಲಿ. ಬಸುರಿ ಇರಬಹುದಾ? ಎದೆಹಾಲು ಕುಡಿಸೋ ಮಗು?

ಯುವತಿ: ಇಲ್ಲ ಮೇಡಂ, ಮದುವೆನೇ ಆಗಿಲ್ಲ.

ಫಾರ್ಮಸಿಸ್ಟ್: ಕೇಳಲೇಬೇಕು, ಡೋಸು ಬದಲಾಗುತ್ತೆ. ಮುಟ್ಟಿನಲ್ಲಿ ತುಂಬಾ ಹೋಗುತ್ತಾ? ಗಂಟೆಗೊಂದು ಪ್ಯಾಡ್ ಬದಲಾಯಿಸೋ ಹಂಗೆ, ಇಲ್ಲಾ ಏಳು ದಿನ ಮೀರಿ?

ಯುವತಿ: (ದನಿ ತಗ್ಗಿಸಿ) ಎಂಟು ದಿನ ಇರುತ್ತೆ. ಡಾಕ್ಟರಿಗೆ ಹೇಳಿಲ್ಲ.

ಫಾರ್ಮಸಿಸ್ಟ್: ಮುಂದಿನ ಸಲ ಹೇಳಿ. ತೊಟ್ಟಿ ತಳದಲ್ಲಿ ತೂತಿದ್ರೆ ಮೇಲಿಂದ ಎಷ್ಟು ಸುರಿದ್ರೂ ಅಷ್ಟೆ. ಬೇರೆ ಯಾವ್ದಾದ್ರೂ ಮಾತ್ರೆ ತಗೋತಿದ್ದೀರಾ?

ಯುವತಿ: ಇಲ್ಲ... ಥೈರಾಯ್ಡ್ ಒಂದಿದೆ. ಅದು ದಿನಾ ಇರೋದು, ಬೇರೆ ಡಾಕ್ಟ್ರು ಕೊಟ್ಟಿದ್ದು. ಬೆಳಗ್ಗೆ ಎದ್ದ ತಕ್ಷಣ, 50ರದ್ದು.

(ಫಾರ್ಮಸಿಸ್ಟ್ ಸ್ಟ್ರಿಪ್ ತೆಗೆಯಲು ಚಾಚಿದ ಕೈ ಹಿಂದಕ್ಕೆ ತಗೊಂಡು ಪೆನ್ನು ಹಿಡಿದರು.)

ಫಾರ್ಮಸಿಸ್ಟ್: ಈ ಡಾಕ್ಟರಿಗೆ ಅದನ್ನ ಹೇಳಿಲ್ಲ ಅಲ್ವಾ? ಎಲ್ರೂ ಬಿಡೋದು ಇದನ್ನೇ. ದಿನಾ ತಗೊಳ್ಳೋದನ್ನ ಮಾತ್ರೆ ಅಂತ ಲೆಕ್ಕಕ್ಕೇ ಇಟ್ಕೊಳ್ಳಲ್ಲ. ಥೈರಾಯ್ಡ್ ಮಾತ್ರೆಗೂ ಐರನ್‌ಗೂ ನಾಲ್ಕು ಗಂಟೆ ಅಂತರ ಬೇಕು, ಕ್ಯಾಲ್ಸಿಯಂಗೂ ನಾಲ್ಕು ಗಂಟೆ. ಇಲ್ದಿದ್ರೆ ಹೊಟ್ಟೆಯಲ್ಲೇ ಕಟ್ಟಿಕೊಂಡು ಥೈರಾಯ್ಡ್ ಔಷಧಿ ರಕ್ತಕ್ಕೆ ಕಮ್ಮಿ ಹೋಗುತ್ತೆ. ಆಮೇಲೆ ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಜಾಸ್ತಿ ಬರುತ್ತೆ. ಕಾರಣ ಗೊತ್ತಿಲ್ದೆ 50ನ್ನ 75 ಮಾಡ್ತಾರೆ. ನಿಮ್ಮ ಬೆಳಗಿನ ಟೈಮ್ ಹೇಳಿ, ಒಂದು ಪಟ್ಟಿ ಮಾಡೋಣ.

ಯುವತಿ: ಆರು ಗಂಟೆಗೆ ಥೈರಾಯ್ಡ್ ಮಾತ್ರೆ. ಏಳಕ್ಕೆ ಕಾಫಿ. ಎಂಟಕ್ಕೆ ತಿಂಡಿ. ಒಂಬತ್ತೂವರೆಗೆ ಆಫೀಸು, ಹನ್ನೊಂದಕ್ಕೆ ಟೀ ಬರುತ್ತೆ, ಒಂದೂವರೆಗೆ ಊಟ. ರಾತ್ರಿ ಊಟ ಎಂಟೂವರೆ.

ಫಾರ್ಮಸಿಸ್ಟ್: ಆರಕ್ಕೆ ನಾಲ್ಕು ಸೇರಿಸಿದ್ರೆ ಹತ್ತು. ತಿಂಡಿ ಆಗಿ ಎರಡು ಗಂಟೆ, ಅದೂ ಹತ್ತು. ಹತ್ತೂಕಾಲಿಗೆ ಐರನ್, ಆಫೀಸಲ್ಲೇ. ಒಂದು ಲೋಟ ನೀರಿನ ಜೊತೆ. ಹನ್ನೊಂದರ ಟೀನ ಹನ್ನೊಂದೂವರೆಗೆ ತಳ್ಳಿ.

ಯುವತಿ: ಟೀಗೂ ತೊಂದ್ರೆನಾ?

ಫಾರ್ಮಸಿಸ್ಟ್: ಟೀ, ಕಾಫಿ ಎರಡೂ ಐರನ್ನನ್ನ ಹಿಡ್ಕೊಂಡುಬಿಡುತ್ತೆ. ಹಾಲು ಬೆರೆಸಿದ್ದಾದ್ರೆ ಅದರಲ್ಲಿ ಕ್ಯಾಲ್ಸಿಯಮ್ಮೂ ಸೇರ್ತು. ಮಾತ್ರೆ ಆಗಿ ಒಂದು ಗಂಟೆ ಆದ್ರೂ ಬಿಡಿ. ಮಜ್ಜಿಗೆ ಜೊತೆನೂ ನುಂಗಬೇಡಿ.

ಯುವತಿ: ನಿಂಬೆಹಣ್ಣಿನ ಪಾನಕ ಕುಡೀಬೇಕು ಅಂತಾರಲ್ಲ?

ಫಾರ್ಮಸಿಸ್ಟ್: ಕುಡೀರಿ, ಒಳ್ಳೇದೇ. ಆದ್ರೆ ಇದು ಫೆರಸ್ ಆಸ್ಕಾರ್ಬೇಟ್, ವಿಟಮಿನ್ ಸಿ ಸೇರಿಸಿಯೇ ಮಾಡಿದ್ದು. ಬರೀ ನೀರೂ ಸಾಕು. ಪಾನಕ ಸಿಗಲಿಲ್ಲ ಅಂತ ಮಾತ್ರೆ ತಪ್ಪಿಸಬೇಡಿ.

(ಎರಡು ಸ್ಟ್ರಿಪ್ ತಂದು ಗಾಜಿನ ಮೇಲೆ ಬೆನ್ನು ಮೇಲಾಗಿ ಇಟ್ಟರು.)

ಯುವತಿ: ಕ್ಯಾಲ್ಸಿಯಂ 500 ಅಂತ ಬರೆದಿದ್ದಾರೆ, ಇದರ ಮೇಲೆ 1250 ಇದೆ. ಬೇರೆದು ಕೊಟ್ರಾ?

ಫಾರ್ಮಸಿಸ್ಟ್: ಇಲ್ಲ, ಕೆಳಗಿನ ಸಣ್ಣಕ್ಷರ ಓದಿ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ, ಅದರಲ್ಲಿ ಎಲಿಮೆಂಟಲ್ ಕ್ಯಾಲ್ಸಿಯಂ 500. 1250 ಅನ್ನೋದು ಇಡೀ ಕಾರ್ಬೊನೇಟಿನ ತೂಕ, 500 ಅನ್ನೋದು ನಿಮಗೆ ದಕ್ಕೋ ಕ್ಯಾಲ್ಸಿಯಂ. ಅದರ ಕೆಳಗೆ ವಿಟಮಿನ್ ಡಿ3, 250 ಯೂನಿಟ್. ಐರನ್ ಸ್ಟ್ರಿಪ್ಪಲ್ಲೂ ಹಂಗೇ: ಎಲಿಮೆಂಟಲ್ ಐರನ್ 100 ಮಿಲಿಗ್ರಾಂ, ಫೋಲಿಕ್ ಆಸಿಡ್ 1.5. ಬೇರೆ ಕಂಪನಿದು ತಗೊಂಡ್ರೂ ಎಲಿಮೆಂಟಲ್ ಅಂತ ಇರೋ ಅಂಕಿನೇ ಹೋಲಿಸಿ ನೋಡಿ.

ಯುವತಿ: ನಮ್ಮಕ್ಕ ಬಸುರಿ ಇದ್ದಾಗ ಸರ್ಕಾರಿ ಆಸ್ಪತ್ರೇಲಿ ಕೊಟ್ಟ ಕೆಂಪು ಮಾತ್ರೆ ಮನೇಲಿ ಒಂದಷ್ಟು ಉಳಿದಿದೆ. ಬೇಗ ಏರಲಿ ಅಂತ ಅದನ್ನೂ ಒಂದು ಸೇರಿಸಲಾ?

ಫಾರ್ಮಸಿಸ್ಟ್: ಬೇಡವೇ ಬೇಡ. ಅದೂ ಐರನ್ನೇ, ಒಂದರಲ್ಲಿ 60 ಮಿಲಿಗ್ರಾಂ. ಎರಡು ನುಂಗಿದ್ರೆ ರಕ್ತ ಎರಡರಷ್ಟು ಆಗಲ್ಲ, ಹೊಟ್ಟೆ ತೊಳಸೋದು ಎರಡರಷ್ಟಾಗುತ್ತೆ. ಮನೇಲಿ ಸಣ್ಣ ಮಕ್ಕಳಿದ್ದಾರಾ?

ಯುವತಿ: ಅಕ್ಕನ ಮಗು, ಎರಡು ವರ್ಷ.

ಫಾರ್ಮಸಿಸ್ಟ್: ಹಂಗಾದ್ರೆ ಇವತ್ತೇ ಮನೆಗೆ ಹೋಗಿ ಆ ಕೆಂಪು ಮಾತ್ರೆ ಎಲ್ಲಿದೆ ನೋಡಿ. ಮೇಲೆ ಸಕ್ಕರೆ ಲೇಪ, ನೋಡೋಕೆ ಪೆಪ್ಪರಮಿಂಟು. ಎಳೆ ಮಗು ಒಂದಷ್ಟು ನುಂಗಿದ್ರೆ ಪ್ರಾಣಕ್ಕೇ ಅಪಾಯ. ನುಂಗಿದೆ ಅಂತ ಅನುಮಾನ ಬಂದ್ರೂ ಸಾಕು, ವಾಂತಿಗೆ ಕಾಯದೆ ಖಾಲಿ ಸ್ಟ್ರಿಪ್ ಕೈಲಿ ಹಿಡ್ಕೊಂಡು ಆಸ್ಪತ್ರೆಗೆ ಓಡ್ಬೇಕು. ಈ ಐರನ್ನನ್ನೂ ಬೀರುವಿನ ಮೇಲಿನ ಶೆಲ್ಫಲ್ಲಿಡಿ. ಬ್ಯಾಗಲ್ಲಿಟ್ಟು ಬ್ಯಾಗನ್ನ ಮಂಚದ ಮೇಲೆ ಎಸೀಬೇಡಿ.

ಯುವತಿ: ಸರಿ ಮೇಡಂ. ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಮುಂಚೆನಾ, ಆಮೇಲಾ?

ಫಾರ್ಮಸಿಸ್ಟ್: ಊಟದ ಜೊತೆ, ಇಲ್ಲಾ ಆದ ತಕ್ಷಣ. ಕಾರ್ಬೊನೇಟ್ ಕರಗೋಕೆ ಹೊಟ್ಟೆಯ ಆಮ್ಲ ಬೇಕು, ಊಟ ಮಾಡಿದಾಗಲೇ ಅದು ಚೆನ್ನಾಗಿ ಬರೋದು. ಸಿಟ್ರೇಟ್ ಅಂತ ಇನ್ನೊಂದಿದೆ, ಅದಾದ್ರೆ ಖಾಲಿ ಹೊಟ್ಟೆಗೂ ನಡೆಯುತ್ತೆ. ನಿಮಗೆ ಬರೆದಿರೋದು ಕಾರ್ಬೊನೇಟ್. ಮುಂದೆ ಯಾರಾದ್ರೂ ಎರಡು ತಗೊಳ್ಳಿ ಅಂದ್ರೂ ಒಂದೇ ಸಲ ನುಂಗಬೇಡಿ. 500ಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ಮೈ ಸರಿಯಾಗಿ ಹೀರಿಕೊಳ್ಳಲ್ಲ. ಕಿಡ್ನಿ ಸ್ಟೋನ್ ಆಗಿತ್ತಾ ಯಾವಾಗ್ಲಾದ್ರೂ?

ಯುವತಿ: ಇಲ್ಲ. ಹೋದ ಸಲ ಐರನ್ ತಗೊಂಡಾಗ ಹೊಟ್ಟೆ ತೊಳಸಿ ನಾಲ್ಕೇ ದಿನಕ್ಕೆ ಬಿಟ್ಟಿದ್ದೆ. ಮೋಷನ್ ಬೇರೆ ಕಪ್ಪಗೆ, ಹೆದರಿಬಿಟ್ಟೆ.

ಫಾರ್ಮಸಿಸ್ಟ್: ಕಪ್ಪಗಾಗೋದು ಐರನ್‌ನಿಂದಲೇ, ಅದಕ್ಕೆ ಹೆದರಬೇಡಿ. ಡಾಂಬರಿನಂಗೆ ಅಂಟಂಟಾಗಿ, ಕೆಟ್ಟ ವಾಸನೆ, ಜೊತೆಗೆ ಹೊಟ್ಟೆನೋವು, ತಲೆಸುತ್ತು ಬಂದ್ರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಿ. ತೊಳಸಿದ್ರೆ ಒಂದು ಬಾಳೆಹಣ್ಣೋ ಎರಡು ಬಿಸ್ಕತ್ತೋ ತಿಂದು ನುಂಗಿ. ಹೀರಿಕೊಳ್ಳೋದು ಸ್ವಲ್ಪ ಕಮ್ಮಿ ಆಗುತ್ತೆ, ಆದ್ರೆ ಪೂರ್ತಿ ಬಿಡೋದಕ್ಕಿಂತ ವಾಸಿ. ಮಲಬದ್ಧತೆ ಆದ್ರೆ ನೀರು, ಸೊಪ್ಪು ಜಾಸ್ತಿ ಮಾಡಿ. ಎದೆಯುರಿ ಅಂತ ಚೀಪೋ ಗ್ಯಾಸ್ ಮಾತ್ರೆ ಹಾಕೊಂಡ್ರೆ ಮತ್ತೆ ಕಥೆ ಮೊದಲಿಂದ: ಕೆಲವು ಗ್ಯಾಸ್ ಮಾತ್ರೆಯೊಳಗೂ ಕ್ಯಾಲ್ಸಿಯಂ ಇರುತ್ತೆ.

ಯುವತಿ: ದಿನ ಬಿಟ್ಟು ದಿನ ತಗೊಂಡ್ರೆ ಒಳ್ಳೇದು ಅಂತ ಫೋನಲ್ಲಿ ಓದಿದೆ.

ಫಾರ್ಮಸಿಸ್ಟ್: ಸುಳ್ಳಲ್ಲ. ಐರನ್ ಒಳಗೆ ಹೋದ ಮೇಲೆ ಹೆಪ್ಸಿಡಿನ್ ಅಂತ ಒಂದು ಹಾರ್ಮೋನ್ ಏರುತ್ತೆ, ಅದು ಸುಮಾರು ಒಂದು ದಿನ ಬಾಗಿಲು ಹಾಕಿದಂಗೆ ಮಾಡುತ್ತೆ. ಅದಕ್ಕೇ ಕೆಲವು ಡಾಕ್ಟ್ರು ದಿನ ಬಿಟ್ಟು ದಿನ ಬರೀತಾರೆ. ನಿಮ್ಮ ಚೀಟಿಯಲ್ಲಿ ದಿನಾ ಅಂತಿದೆ, ಅದನ್ನ ಬದಲಾಯಿಸೋಕೆ ನನಗೆ ಅಧಿಕಾರ ಇಲ್ಲ, ನೀವೂ ಬದಲಾಯಿಸಬೇಡಿ. ಹೊಟ್ಟೆಗೆ ಒಗ್ಗಲಿಲ್ಲ ಅಂದ್ರೆ ಅವರನ್ನೇ ಕೇಳಿ. ಹೋದ ಸಲ ನಾಲ್ಕೇ ದಿನಕ್ಕೆ ಬಿಟ್ಟಿದ್ರಿ ಅಂದ್ರಲ್ಲ, ಒಂದು ತಿಂಗಳಿಗೆ ಕೊಡಲ್ಲ ಈಗ. ಐರನ್ ಹತ್ತರದ್ದು ಒಂದು ಸ್ಟ್ರಿಪ್, ಕ್ಯಾಲ್ಸಿಯಂ ಹದಿನೈದರದ್ದು ಒಂದು. ಒಗ್ಗಿದ್ರೆ ಬಂದು ಉಳಿದದ್ದು ತಗೊಂಡು ಹೋಗಿ.

ಯುವತಿ: ಎಷ್ಟು ದಿನ ತಗೋಬೇಕಾಗುತ್ತೆ?

ಫಾರ್ಮಸಿಸ್ಟ್: ಒಂದು ತಿಂಗಳಿಗೆ ಮತ್ತೆ ರಕ್ತ ತೋರಿಸಿ. ಹಿಮೋಗ್ಲೋಬಿನ್ ಕಮ್ಮಿ ಅಂದ್ರೂ ಒಂದು ಗ್ರಾಂ ಏರಿರ್ಬೇಕು. ಏರಿಲ್ಲ ಅಂದ್ರೆ ಟೈಮ್ ತಪ್ಪಿದೆಯಾ, ರಕ್ತ ಹೋಗ್ತಿದೆಯಾ ಅಂತ ಡಾಕ್ಟ್ರು ಹುಡುಕ್ತಾರೆ. 12 ಬಂತು ಅಂತ ಅವತ್ತೇ ನಿಲ್ಲಿಸಬೇಡಿ, ಕಣಜ ತುಂಬೋಕೆ ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಕೊಡ್ತಾರೆ.

(ಕಾಗದದ ಕವರಿನ ಮೇಲೆ ದಪ್ಪಕ್ಷರದಲ್ಲಿ ಬರೆದರು: ಥೈರಾಯ್ಡ್ 6:00, ನೀರು. ಐರನ್ 10:15, ನೀರು, ಟೀ ಇಲ್ಲ. ಕ್ಯಾಲ್ಸಿಯಂ 8:30, ರಾತ್ರಿ ಊಟದ ಜೊತೆ.)

ಯುವತಿ: ರಾತ್ರಿದು ಮರೆತು ಬೆಳಗ್ಗೆ ನೆನಪಾದ್ರೆ?

ಫಾರ್ಮಸಿಸ್ಟ್: ಬಿಟ್ಟುಬಿಡಿ, ರಾತ್ರಿ ಒಂದೇ ತಗೊಳ್ಳಿ. ಸ್ಟ್ರಿಪ್ಪನ್ನ ಉಪ್ಪಿನಕಾಯಿ ಜಾಡಿ ಪಕ್ಕ ಇಟ್ರೆ ಮರೆಯಲ್ಲ. ಮಗುವಿಗೆ ಎಟುಕದ ಎತ್ತರದಲ್ಲಿರಲಿ.

ಯುವತಿ: ಭಾನುವಾರ ಎಂಟು ಗಂಟೆಗೆ ಏಳೋದು ಮೇಡಂ.

ಫಾರ್ಮಸಿಸ್ಟ್: ಹಂಗಾದ್ರೆ ಎಂಟಕ್ಕೆ ಥೈರಾಯ್ಡ್, ಒಂಬತ್ತಕ್ಕೆ ತಿಂಡಿ, ಹನ್ನೆರಡಕ್ಕೆ ಐರನ್, ಊಟ ಒಂದೂವರೆಗೆ. ಗಡಿಯಾರ ಮುಖ್ಯ ಅಲ್ಲ, ಮಧ್ಯದ ಅಂತರ ಮುಖ್ಯ. ಐರನ್ 95, ಕ್ಯಾಲ್ಸಿಯಂ 110, ಒಟ್ಟು 205.

(ಯುವತಿ ಐನೂರರ ನೋಟು ಕೊಟ್ಟಳು.)

ಫಾರ್ಮಸಿಸ್ಟ್: ಐದು ರೂಪಾಯಿ ಚಿಲ್ಲರೆ ಇದ್ಯಾ?

ಯುವತಿ: ಇದೆ, ತಗೊಳ್ಳಿ.

ಫಾರ್ಮಸಿಸ್ಟ್: ಮುನ್ನೂರು ವಾಪಸ್. ಬಿಲ್ಲಲ್ಲಿ ಬ್ಯಾಚ್ ನಂಬರು, ಎಕ್ಸ್‌ಪೈರಿ ಎರಡೂ ಇದೆ, ಸ್ಟ್ರಿಪ್ಪಿನ ಜೊತೆ ತಾಳೆ ನೋಡ್ಕೊಳ್ಳಿ. ಮತ್ತೆ ಆ ಥೈರಾಯ್ಡ್ ವಿಷಯ, ಮುಟ್ಟಿನ ವಿಷಯ ಎರಡನ್ನೂ ಈ ಚೀಟಿ ಹಿಂದೆಯೇ ಬರ್ಕೊಳ್ಳಿ. ಡಾಕ್ಟರ ಮುಂದೆ ಕೂತಾಗ ಮರ್ತೇ ಹೋಗುತ್ತೆ. ಪೆನ್ನು ಇಲ್ಲಿದೆ.